ಎಂಬತ್ತು ರೂಪಾಯಿ ಕಡಿಮೆ ಬಂದ ಪಗಾರ ಚೀಟಿ

ಬೆಳಗಾವಿಯ ಉದ್ಯಮಬಾಗದ ಒಂದು ಸಣ್ಣ ಫೌಂಡ್ರಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ನಲವತ್ತೆರಡು ಜನರ ಪಗಾರ ಚೀಟಿಯನ್ನು ಪ್ರತಿ ತಿಂಗಳು ಸ್ಪ್ರೆಡ್‌ಶೀಟ್‌ನಲ್ಲಿ ನಾನೇ ತಯಾರಿಸುತ್ತೇನೆ. 2025ರ ಜುಲೈ 9ರಂದು ಒಬ್ಬ ಹಿರಿಯ ಮೋಲ್ಡರ್ ಜೂನ್ ತಿಂಗಳ ಚೀಟಿ ಹಿಡಿದು ನನ್ನ ಮೇಜಿನ ಮುಂದೆ ನಿಂತರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಾರೆ, ನಾನೂ ಹಾಗೆಯೇ.

"ಮೇಡಂ, ಪಕ್ಕದ ಫರ್ನೇಸಿನ ಹುಡುಗನ ಕೈಗೆ ನನಗಿಂತ ಹೆಚ್ಚು ಬಂದಿದೆ. ಅವನಿಗೆ ವೃತ್ತಿ ತೆರಿಗೆ ಹಿಡಿದಿಲ್ಲ, ನನಗೆ ಇನ್ನೂರು ಹಿಡಿದಿದ್ದೀರಿ. ಇದು ಯಾವ ನ್ಯಾಯ?"

ಆ ಹುಡುಗನ ಒಟ್ಟು ಪಗಾರ 24,900. ಕಾಕಾ ಅವರದು 25,050. ಕರ್ನಾಟಕದಲ್ಲಿ 2023ರ ಏಪ್ರಿಲ್‌ನಿಂದ ತಿಂಗಳ ಸಂಬಳ 25,000 ಮುಟ್ಟಿದರೆ ಇನ್ನೂರು ರೂಪಾಯಿ ವೃತ್ತಿ ತೆರಿಗೆ, ಅದಕ್ಕಿಂತ ಒಂದು ರೂಪಾಯಿ ಕಡಿಮೆಯಿದ್ದರೂ ಏನೂ ಇಲ್ಲ. ಮೊದಲು ಈ ಗೆರೆ 15,000ಕ್ಕೆ ಇತ್ತು. ಗೆರೆಯ ಈಚೆ ಸೊನ್ನೆ, ಆಚೆ ಪೂರ್ತಿ ಇನ್ನೂರು, ನಡುವೆ ಮೆಟ್ಟಿಲಿಲ್ಲ. ಏಪ್ರಿಲ್‌ನಲ್ಲಿ ಮಾಲೀಕರು ಕಾಕಾ ಅವರಿಗೆ 250 ರೂಪಾಯಿ ಹೆಚ್ಚಿಸಿ 24,800ರಿಂದ 25,050ಕ್ಕೆ ತಂದಿದ್ದರು. ಆ 250ರಲ್ಲಿ ಅವರ ಕೈಗೆ ಬಂದದ್ದು ಐವತ್ತು. ಇದರ ಬಗ್ಗೆ ಅವರಿಗೆ ಆಗಲೇ ಸಿಟ್ಟಿತ್ತು, ನಾನು ಗೆರೆಯ ಮಾತು ಹೇಳಿ ಸಮಾಧಾನ ಮಾಡಿದ್ದೆ. ಅದೇ ಉತ್ತರವನ್ನು ಮತ್ತೆ ಹೇಳಲು ಬಾಯಿ ತೆರೆದವಳು, ಚೀಟಿಯ ಮೇಲಿನ ಹಾಜರಿಯನ್ನು ನೋಡಿ ಸುಮ್ಮನಾದೆ. ಜೂನ್‌ನಲ್ಲಿ ಅವರು ಎರಡು ದಿನ ಸಂಬಳವಿಲ್ಲದ ರಜೆ ಮಾಡಿದ್ದರು.

ಅಂದರೆ ಅವರು ಜೂನ್‌ನಲ್ಲಿ ದುಡಿದದ್ದು 25,050 ಅಲ್ಲ. ನಮ್ಮಲ್ಲಿ ತಿಂಗಳಿನ ದಿನಗಳಿಂದಲೇ ಭಾಗಿಸುತ್ತೇವೆ. ದಿನಕ್ಕೆ 835ರಂತೆ 28 ದಿನಕ್ಕೆ 23,380. ವೃತ್ತಿ ತೆರಿಗೆಗೆ ನೋಡಬೇಕಾದದ್ದು ಈ ಅಂಕಿಯನ್ನು. ನನ್ನ ಹಾಳೆಯ ಸೂತ್ರವಾದರೋ ಹಾಜರಿಗೆ ಮೊದಲಿನ ನಿಗದಿ ಪಗಾರದ ಕಾಲಮ್ಮನ್ನು ನೋಡುತ್ತಿತ್ತು. ಕಾಕಾ ಹೇಳಿದ್ದು ಸರಿ, ಕಾರಣ ಮಾತ್ರ ಅವರು ಅಂದುಕೊಂಡದ್ದಲ್ಲ.

ಅವರನ್ನು ಕೂರಿಸಿ ಚೀಟಿಯನ್ನು ಮೊದಲಿನಿಂದ ಬರೆದೆ. ನಿಗದಿ ಪಗಾರದಲ್ಲಿ ಮೂಲ ವೇತನ 12,000, ತುಟ್ಟಿಭತ್ಯೆ 2,000, ಮನೆ ಬಾಡಿಗೆ ಭತ್ಯೆ 5,600, ವಿಶೇಷ ಭತ್ಯೆ 5,450. ಪ್ರತಿಯೊಂದನ್ನೂ 28/30ಕ್ಕೆ ಇಳಿಸಿದರೆ ಕ್ರಮವಾಗಿ 11,200, 1,867, 5,227, 5,087. ಕೂಡಿಸಿದರೆ 23,381! ಮೂರು ಕಡೆ ಪೈಸೆಯನ್ನು ಮೇಲಕ್ಕೆ ಪೂರ್ಣಾಂಕ ಮಾಡಿದ್ದರಿಂದ ಒಂದು ರೂಪಾಯಿ ಹುಟ್ಟಿಕೊಂಡಿತ್ತು. ಇದಕ್ಕೆ ನಾನು ಕಂಡುಕೊಂಡ ದಾರಿ ಸರಳ: ಮೊದಲು ಒಟ್ಟು ಮೊತ್ತವನ್ನು ಕಂಡುಹಿಡಿಯುವುದು, ಕೊನೆಯ ಭತ್ಯೆಯನ್ನು ಉಳಿದವುಗಳನ್ನು ಕಳೆದು ಬರೆಯುವುದು. ಹಾಗಾಗಿ ವಿಶೇಷ ಭತ್ಯೆ 5,086.

ಈಗ ಭವಿಷ್ಯ ನಿಧಿ. ಚೀಟಿಯಲ್ಲಿ 1,680 ಇತ್ತು, ಮೇ ತಿಂಗಳಲ್ಲಿ 1,800. ಎರಡು ದಿನ ಕಡಿಮೆ ದುಡಿದರೆ ಪಿಎಫ್ ಕೂಡ ಸ್ವಲ್ಪ ಇಳಿಯುವುದು ಸಹಜ ಎಂದು ನಾನು ಅದುವರೆಗೆ ಅದರತ್ತ ನೋಡಿಯೇ ಇರಲಿಲ್ಲ. ಆದರೆ ಆ ದಿನ ಒಂದು ತಪ್ಪು ಕೈಗೆ ಸಿಕ್ಕಿದ್ದರಿಂದ ಇದನ್ನೂ ಬಿಡಿಸಿದೆ.

ಪಿಎಫ್‌ಗೆ ಮನೆ ಬಾಡಿಗೆ ಭತ್ಯೆ ಸೇರುವುದಿಲ್ಲ. ಮೂಲ ವೇತನ, ತುಟ್ಟಿಭತ್ಯೆ ಸೇರುತ್ತವೆ. ವಿಶೇಷ ಭತ್ಯೆಯನ್ನು ಎಲ್ಲರಿಗೂ ಸಾಮಾನ್ಯವಾಗಿ ಕೊಡುತ್ತಿದ್ದರೆ ಅದೂ ಮೂಲ ವೇತನದ ಭಾಗವೇ ಎಂದು ಸುಪ್ರೀಂ ಕೋರ್ಟ್ 2019ರ ಫೆಬ್ರುವರಿಯಲ್ಲಿ ಹೇಳಿದೆ, ನಮ್ಮಲ್ಲಿ ಎಲ್ಲರಿಗೂ ಕೊಡುತ್ತೇವೆ. ಹೀಗೆ ಕಾಕಾ ಅವರ ಪಿಎಫ್ ವೇತನ ಪೂರ್ತಿ ತಿಂಗಳಿಗೆ 19,450. ಕಾಯಿದೆಯ ಮಿತಿ 15,000 ಆದ್ದರಿಂದ ಅಷ್ಟಕ್ಕೆ ಮಾತ್ರ ಶೇಕಡ 12 ಹಿಡಿಯುತ್ತೇವೆ. ಅದು 1,800.

ನಾನು ಮಾಡಿದ್ದೇನೆಂದರೆ, "ಪಿಎಫ್ ವೇತನ" ಎಂಬ ಕಾಲಮ್ಮಿನಲ್ಲಿ 15,000 ಎಂದು ಮೊದಲೇ ತುಂಬಿಸಿ, ಅದನ್ನು ಹಾಜರಿಯಿಂದ ಗುಣಿಸಿದ್ದೆ. 15,000ದ 28/30 ಎಂದರೆ 14,000, ಅದರ ಶೇಕಡ 12 ಎಂದರೆ 1,680. ಆದರೆ ಮಿತಿ ಎನ್ನುವುದು ಪಗಾರವಲ್ಲ, ಅದಕ್ಕೆ ರಜೆ ಇಲ್ಲ. ಮೊದಲು ದುಡಿದ ವೇತನ ಎಷ್ಟೆಂದು ನೋಡಬೇಕು: 11,200, 1,867, 5,086 ಸೇರಿ 18,153. ಇದು ಇನ್ನೂ 15,000ಕ್ಕಿಂತ ಮೇಲಿದೆ. ಆದ್ದರಿಂದ ಎರಡು ದಿನ ರಜೆ ಮಾಡಿದರೂ ಪಿಎಫ್ 1,800ರಿಂದ ಇಳಿಯಬಾರದು.

ಒಂದು ಕಡೆ ಇನ್ನೂರು ಹೆಚ್ಚು ಹಿಡಿದಿದ್ದೆ, ಇನ್ನೊಂದು ಕಡೆ ನೂರಿಪ್ಪತ್ತು ಕಡಿಮೆ ಹಿಡಿದಿದ್ದೆ. ಎರಡೂ ಸೇರಿ ಕೈಗೆ ಬರುವ ಮೊತ್ತ 21,580ರ ಬದಲು 21,500 ಆಗಿತ್ತು. ಎಂಬತ್ತು ರೂಪಾಯಿಯ ವ್ಯತ್ಯಾಸವನ್ನು ಯಾರು ತಾನೇ ಹುಡುಕುತ್ತಾರೆ? ಕಾಕಾ ಪಕ್ಕದವನ ಚೀಟಿ ಇಣುಕದಿದ್ದರೆ ನಾನಂತೂ ಹುಡುಕುತ್ತಿರಲಿಲ್ಲ.

ಇನ್ನೂರು ಕೇಳಲು ಬಂದವರಿಗೆ ಎಂಬತ್ತು ಕೊಟ್ಟಾಗ ಅವರ ಮುಖ ನೋಡಬೇಕಿತ್ತು. "ಉಳಿದ ನೂರಿಪ್ಪತ್ತು ನಿಮ್ಮ ಪಿಎಫ್ ಖಾತೆಗೇ ಹೋಗುತ್ತದೆ ಕಾಕಾ, ಕಂಪನಿಯೂ ಅಷ್ಟೇ ಹಾಕಬೇಕು" ಎಂದೆ. ಮಾಲೀಕರ ಪಾಲಿನ 1,800ರಲ್ಲಿ 1,250 ಪಿಂಚಣಿಗೆ, 550 ಮಾತ್ರ ಪಿಎಫ್ ಖಾತೆಗೆ ಹೋಗುವುದನ್ನೂ ಬರೆದು ತೋರಿಸಿದೆ. ಅದು ಅವರಿಗೆ ಹೊಸ ವಿಷಯ. ಪಾಸ್‌ಬುಕ್‌ನಲ್ಲಿ ಕಂಪನಿಯ ಪಾಲು ಕಡಿಮೆ ಕಾಣುತ್ತದೆ ಎಂಬ ಹಳೆಯ ಅನುಮಾನವೂ ಅಂದು ತೀರಿತು.

ಪುಣ್ಯಕ್ಕೆ ಪಿಎಫ್ ಕಟ್ಟಲು 15ನೇ ತಾರೀಕಿನವರೆಗೆ, ವೃತ್ತಿ ತೆರಿಗೆಗೆ 20ರವರೆಗೆ ಸಮಯವಿತ್ತು, ಜೂನ್ ತಿಂಗಳದ್ದು ಹಾಗೆಯೇ ಸರಿಹೋಯಿತು. ಏಪ್ರಿಲ್, ಮೇ ತಿಂಗಳ ಹಾಳೆ ತೆರೆದಾಗ ಎದೆ ಧಸಕ್ಕೆಂದಿತು. ರಜೆ ಮಾಡಿದ ಇನ್ನೂ ಏಳು ಮಂದಿಯ ಪಿಎಫ್ ಹೀಗೆಯೇ ಕಡಿಮೆ ಹೋಗಿತ್ತು. ಮುಂದಿನ ಪಗಾರದಲ್ಲಿ ಮುರಿದುಕೊಂಡರಾಯಿತು ಎಂದುಕೊಂಡೆ, ಆದರೆ ಹಾಗೆ ಮಾಡುವಂತಿಲ್ಲ. ಕಾರ್ಮಿಕರ ಪಾಲನ್ನು ಆಯಾ ತಿಂಗಳ ವೇತನದಿಂದಲೇ ಹಿಡಿಯಬೇಕು. ಕೈತಪ್ಪಿನಿಂದ ಬಿಟ್ಟುಹೋದದ್ದನ್ನು ಆಮೇಲೆ ಹಿಡಿಯಲು ಪಿಎಫ್ ಇನ್‌ಸ್ಪೆಕ್ಟರ್ ಅವರ ಲಿಖಿತ ಒಪ್ಪಿಗೆ ಬೇಕು. ಮಾಲೀಕರು ಎರಡೂ ಪಾಲನ್ನು ತಾವೇ ತುಂಬಿದರು, ತಡವಾದದ್ದಕ್ಕೆ ವರ್ಷಕ್ಕೆ ಶೇಕಡ 12ರ ಬಡ್ಡಿ ಬೇರೆ. ಅಂದು ಅವರು ನನಗೆ ಹೇಳಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಈಗ ಹಾಳೆಯಲ್ಲಿ ನಿಗದಿ ಪಗಾರವನ್ನು ಯಾವ ಕಡಿತವೂ ನೋಡುವುದಿಲ್ಲ. H ಕಾಲಮ್ಮಿನಲ್ಲಿ ಹಾಜರಿಗೆ ಇಳಿಸಿದ ಪಿಎಫ್ ವೇತನ, J ಕಾಲಮ್ಮಿನಲ್ಲಿ ಹಾಜರಿಗೆ ಇಳಿಸಿದ ಒಟ್ಟು, A1ರಲ್ಲಿ ಪಗಾರದ ತಿಂಗಳಿನ ದಿನಾಂಕ:

```
=ROUND(MIN(15000,H2)*12%,0)
=IF(J2>=25000,IF(MONTH($A$1)=2,300,200),0)
```

ಎರಡನೆಯ ಸಾಲಿನ 300 ಏಕೆಂದರೆ, 2025ರ ಏಪ್ರಿಲ್‌ನಿಂದ ಫೆಬ್ರುವರಿ ತಿಂಗಳಿಗೆ ಮಾತ್ರ ವೃತ್ತಿ ತೆರಿಗೆ ಮುನ್ನೂರು. ಹನ್ನೊಂದು ತಿಂಗಳು ಇನ್ನೂರರಂತೆ, ಒಂದು ತಿಂಗಳು ಮುನ್ನೂರು, ಒಟ್ಟು 2,500. ಸಂವಿಧಾನದ 276ನೇ ವಿಧಿ ಒಬ್ಬರಿಂದ ವರ್ಷಕ್ಕೆ ಅದಕ್ಕಿಂತ ಹೆಚ್ಚು ವಸೂಲು ಮಾಡಲು ಬಿಡುವುದಿಲ್ಲ. ಇದನ್ನು ಕೇಳಿದ ಕಾಕಾ, ಹಾಗಾದರೆ ಫೆಬ್ರುವರಿಯಲ್ಲಿ ಒಂದು ದಿನ ರಜೆ ಮಾಡಿದರೆ ಮುನ್ನೂರು ಉಳಿಯಿತಲ್ಲ ಎಂದರು. ಉಳಿಯುತ್ತದೆ ನಿಜ, ಆದರೆ ಆ ತಿಂಗಳ ಒಂದು ದಿನದ ಪಗಾರ 895 ರೂಪಾಯಿ ಎಂದು ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸಿದೆ.