ಡ್ರೈಯರ್‌ಗೆ ಕೌದಿ ಹಾಕುವ ಮುನ್ನ

ಕಲಬುರಗಿಯ ಬೇಸಿಗೆಯಲ್ಲಿ ಡ್ರೈಯರ್ ಯಾರಿಗೂ ಬೇಕಾಗಿಲ್ಲ. ಮಾಳಿಗೆಯ ಮೇಲೆ ಹರವಿದ ಸೀರೆ, ಕೆಳಗಿಳಿದು ಚಹಾ ಕುಡಿದು ಬರುವಷ್ಟರಲ್ಲಿ ಒಣಗಿರುತ್ತದೆ. ಅದರ ಬೆಲೆ ತಿಳಿಯುವುದು ಶ್ರಾವಣದ ಜಿಟಿಜಿಟಿ ಮಳೆಯಲ್ಲಿ, ಅದೂ ಕೌದಿ ಒಗೆದ ದಿನ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿಯನ್ನು ಇಬ್ಬರು ಎದುರುಬದುರು ನಿಂತು ಹಿಂಡಿದರೂ ಒಳಗಿನ ನೀರು ಜಗ್ಗುವುದಿಲ್ಲ.

ಬಟ್ಟೆ ಒಗೆಯುವ ಎರಡು ತೊಟ್ಟಿಯ ಯಂತ್ರದಲ್ಲಿ ಚಿಕ್ಕದು ಡ್ರೈಯರ್. ಹೆಸರು ಡ್ರೈಯರ್ ಆದರೂ ಅದರಲ್ಲಿ ಶಾಖವಿಲ್ಲ, ತಿರುಗುವ ತೂತಿನ ಬುಟ್ಟಿ ಇದೆ, ಅಷ್ಟೆ. ಬುಟ್ಟಿ ಗೇಣಿಗಿಂತ ತುಸು ಅಗಲ. ನಿಮಿಷಕ್ಕೆ ಸುಮಾರು 1,300 ಸುತ್ತು ತಿರುಗಿದಾಗ ಅದರ ಅಂಚು ಗಂಟೆಗೆ 60 ಕಿಲೊಮೀಟರ್ ಆಸುಪಾಸಿನ ವೇಗದಲ್ಲಿರುತ್ತದೆ.

ನೀರು ಹೊರಬೀಳುವ ಬಗೆಯನ್ನು ಜೋಳದ ಹೊಲದಲ್ಲಿ ಹಕ್ಕಿ ಓಡಿಸುವ ಕವಣೆ ಚೆನ್ನಾಗಿ ಹೇಳಿಕೊಡುತ್ತದೆ. ಕವಣೆ ಬೀಸುವಾಗ ಕಲ್ಲು ಸುತ್ತುವುದು ಹಗ್ಗ ಅದನ್ನು ಒಳಕ್ಕೆ ಎಳೆಯುತ್ತಿರುವುದರಿಂದ. ಹಗ್ಗದ ಒಂದು ತುದಿ ಬಿಟ್ಟೊಡನೆ ಆ ಎಳೆತ ನಿಂತು, ಕಲ್ಲು ಆ ಕ್ಷಣದಲ್ಲಿ ಹೊರಟಿದ್ದ ದಿಕ್ಕಿಗೇ ನೇರ ಹೋಗುತ್ತದೆ. ಅದನ್ನು ಹೊರಕ್ಕೆ ದೂಡಿದವರು ಯಾರೂ ಇಲ್ಲ. ಬುಟ್ಟಿಯ ಗೋಡೆ ಬಟ್ಟೆಯ ಪಾಲಿಗೆ ಆ ಹಗ್ಗವಿದ್ದಂತೆ. ಬಟ್ಟೆಯನ್ನು ಒತ್ತಿಹಿಡಿದು ತಿರುಗಿಸುತ್ತದೆ. ಒಳಪದರದ ನೀರನ್ನು ನೂಲು ಅಷ್ಟು ಬಿಗಿಯಾಗಿ ಹಿಡಿಯಲಾರದು. ನೀರು ಪದರದಿಂದ ಪದರಕ್ಕೆ ಜಾರುತ್ತಾ ಗೋಡೆ ಮುಟ್ಟುತ್ತದೆ. ತೂತಿನ ಬಳಿ ತಡೆಯಲು ಗೋಡೆಯೇ ಇಲ್ಲ. ಹನಿ ನೇರ ಹಾರಿ ಹೊರತೊಟ್ಟಿಗೆ ಬಡಿದು ಪೈಪಿನಲ್ಲಿ ಇಳಿಯುತ್ತದೆ.

ಈಗ ಕೆಲಸಕ್ಕೆ ಬರೋಣ. ನೀರಿನಿಂದ ಎತ್ತಿದ ಕೌದಿಯನ್ನು ಹತ್ತು ನಿಮಿಷ ಬಚ್ಚಲ ಕಟ್ಟೆಯ ಮೇಲೆ ಇಳಿಬಿಡಿ. ಬಳಿಕ ಮಡಚಬೇಡಿ, ಉದ್ದಕ್ಕೆ ಹಗ್ಗದಂತೆ ಸಡಿಲವಾಗಿ ಸುತ್ತಿ, ಬುಟ್ಟಿಯ ಗೋಡೆಗುಂಟ ಸಿಂಬೆಯ ಹಾಗೆ ಇಳಿಸಿ. ಮಡಚಿ ತುರುಕಿದರೆ ದಪ್ಪ ಭಾಗ ಒಂದೇ ಮಗ್ಗುಲಿಗೆ ಕೂರುತ್ತದೆ. ಪೂರ್ಣ ವೇಗದಲ್ಲಿ ಅಂಚಿನಲ್ಲಿರುವ ವಸ್ತು ತನ್ನ ತೂಕದ ಇನ್ನೂರು ಪಟ್ಟಿಗೂ ಮೀರಿ ಗೋಡೆಯನ್ನು ಒತ್ತುತ್ತದೆ. ಒಂದು ಬದಿಗೆ ಅರ್ಧ ಕಿಲೊ ಹೆಚ್ಚಿದ್ದರೆ ಅದು ನೂರು ಕಿಲೊದ ಮೂಟೆ ಇದ್ದಂತೆ. ಮೇಲೆ ಪ್ಲಾಸ್ಟಿಕ್ ತಟ್ಟೆ ಒತ್ತಿ, ಮುಚ್ಚಳ ಹಾಕಿ, ಮೊದಲು ಇಪ್ಪತ್ತು ಸೆಕೆಂಡು ಮಾತ್ರ ತಿರುಗಿಸಿ. ನಿಲ್ಲಿಸಿ, ಸರಿಪಡಿಸಿ, ಮತ್ತೆ ಹಚ್ಚಿ.

ಹೊರಡುವಾಗ ಬುಟ್ಟಿ ತುಸು ಓಲಾಡಿ, ವೇಗ ಏರಿದಂತೆ ಸ್ಥಿರವಾಗುವುದು ಸಹಜ. ಅದು ಸ್ಪ್ರಿಂಗ್‌ಗಳ ಮೇಲೆ ಕುಳಿತಿದೆ. ಓಲಾಟ ನಿಲ್ಲದೆ ಧಡಧಡ ಬಡಿದರೆ ಕೂಡಲೇ ನಿಲ್ಲಿಸಬೇಕು. ನಮ್ಮ ಮನೆಯಲ್ಲಿ ಎಷ್ಟು ಸಲ ಸರಿಪಡಿಸಿದರೂ ಯಂತ್ರ ಕುಣಿಯುತ್ತಿತ್ತು. ಕಡೆಗೆ ನೋಡಿದರೆ ತಪ್ಪು ಕೌದಿಯದಲ್ಲ, ಯಂತ್ರದ ಒಂದು ಕಾಲಿನ ಅಡಿಯ ಶಹಾಬಾದ್ ಕಲ್ಲು ಅಲುಗಾಡುತ್ತಿತ್ತು.

ಎಷ್ಟು ಹೊತ್ತು ತಿರುಗಿಸಬೇಕು? ಮಗುವಿನ ಕೌದಿಯೊಂದನ್ನು ತೂಗಿ ನೋಡಿದೆ. ಒಣಗಿದ್ದಾಗ 1.2 ಕಿಲೊ. ನೀರಿಳಿದ ಮೇಲೆ 3.6. ಒಂದು ನಿಮಿಷ ತಿರುಗಿದ ಮೇಲೆ 2.2, ಮೂರು ನಿಮಿಷಕ್ಕೆ 2. ಇನ್ನೂ ಐದು ನಿಮಿಷ ಬಿಟ್ಟರೆ ಇಳಿದದ್ದು 50 ಗ್ರಾಂ ಮಾತ್ರ. ನೂಲುಗಳ ನಡುವೆ ಮತ್ತು ಹತ್ತಿಯ ಎಳೆಯೊಳಗೆ ಅಂಟಿಕೊಂಡ ನೀರಿಗೆ ಈ ವೇಗ ಸಾಲದು. ಅದು ಗಾಳಿಗೇ ಆರಬೇಕು. ಪೈಪಿನ ಬಾಯಲ್ಲಿ ಧಾರೆ ಹನಿಯಾದ ಮೇಲೆ ಕರೆಂಟು ಸುಡುವುದು ದಂಡ.

ಸಂಜೆ ವೋಲ್ಟೇಜ್ ಇಳಿದಾಗ ಒದ್ದೆ ಕೌದಿಯನ್ನು ಹೊತ್ತ ಮೋಟರ್ ಪೂರ್ಣ ವೇಗ ಮುಟ್ಟದೆ ಉಳಿಯಬಹುದು. ವೇಗ 1,300ರಿಂದ 1,000ಕ್ಕೆ ಇಳಿದರೆ ಒತ್ತಡ ಶೇ 60ಕ್ಕೆ ಕುಸಿಯುತ್ತದೆ, ಏಕೆಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಬುಟ್ಟಿ ತಿರುಗದೆ ಗುಂಯ್‌ಗುಟ್ಟಿದರೆ ಸ್ವಿಚ್ ಆರಿಸಿ, ಇಲ್ಲವಾದರೆ ಮೋಟರ್ ಸುಡುತ್ತದೆ. ರೇನ್‌ಕೋಟ್, ಪ್ಲಾಸ್ಟಿಕ್ ಹಾಳೆ ಮಾತ್ರ ಎಂದಿಗೂ ಹಾಕಬೇಡಿ. ನೀರು ತೂರಿಹೋಗದೆ ಮಡಿಕೆಯಲ್ಲಿ ಸಿಕ್ಕಿಕೊಂಡು, ನಡುವೆ ಒಮ್ಮೆಲೇ ಜಾರುತ್ತದೆ. ತೂಕ ತಪ್ಪಿದ ಬುಟ್ಟಿ ತೊಟ್ಟಿಯನ್ನೇ ಒಡೆಯಬಲ್ಲದು.

ಮುಚ್ಚಳ ಎತ್ತಿದೊಡನೆ ಬ್ರೇಕ್ ಹಿಡಿದು ಬುಟ್ಟಿ ಕೆಲವೇ ಸೆಕೆಂಡಿನಲ್ಲಿ ನಿಲ್ಲಬೇಕು. ನಿಲ್ಲದೆ ಸುತ್ತುತ್ತಲೇ ಇದ್ದರೆ ಬ್ರೇಕ್ ಸವೆದಿದೆ. ಪೂರ್ತಿ ನಿಲ್ಲುವ ತನಕ ಕೈ ಹಾಕಬೇಡಿ. ನಿಂತ ಮೇಲೆ ಕೌದಿಯನ್ನು ಗೋಡೆಯಿಂದ ಬಿಡಿಸಿದರೆ, ಹೊರಮೈಯಲ್ಲಿ ಸಾಲಾಗಿ ಸಣ್ಣ ಉಬ್ಬುಗಳು ಕಾಣುತ್ತವೆ, ಒಂದೊಂದು ತೂತಿಗೆ ಒಂದೊಂದು.