ರಿವ್ಯೂವರ್ ಕೇಳಿದ ಮ್ಯಾಪ್ ಕೊಡದೆ ಪೇಪರ್ ಒಪ್ಪಿಸಿದ್ದು

ಜಗಳೂರು ತಾಲ್ಲೂಕಿನ ಬೋರ್‌ವೆಲ್‌ಗಳ ಫ್ಲೋರೈಡ್ ಬಗ್ಗೆ ನಾವು ಬರೆದ ಪೇಪರ್ ಕೊನೆಗೂ ಅಕ್ಸೆಪ್ಟ್ ಆಯಿತು, ಅದೂ ಎರಡನೇ ರಿವ್ಯೂವರ್ ಹಟ ಹಿಡಿದ ಮ್ಯಾಪ್ ಇಲ್ಲದೆ. ದಾವಣಗೆರೆಯ ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಇದನ್ನು ಯಾರೂ ನಂಬಿರಲಿಲ್ಲ. "ಅವರು ಹೇಳಿದ್ದು ಮಾಡಿ ಕಳಿಸಿಬಿಡಿ ಸಾರ್, ವಾದ ಯಾಕೆ" ಅಂದವರೇ ಜಾಸ್ತಿ.

ಹಿಂದೆ ಎರಡು ಸಲ ಪೆಟ್ಟು ತಿಂದಿದ್ದೆ. ಒಮ್ಮೆ ಒಂಬತ್ತು ಪುಟ ವಾದ ಬರೆದೆ, ರಿಜೆಕ್ಟ್ ಆಯಿತು. ಇನ್ನೊಮ್ಮೆ ಎಲ್ಲದಕ್ಕೂ ಹೂಂ ಎಂದೆ. ಲೋಹಗಳ ಟೆಸ್ಟಿಗೆ ಹೊರಗಿನ ಲ್ಯಾಬಿಗೆ ಕಳಿಸಿ ಕೈಯಿಂದ ಸುಮಾರು 35 ಸಾವಿರ ಹೋಯಿತು. ಮುಂದಿನ ಸುತ್ತಿನಲ್ಲಿ, ಈ ಲೋಹಗಳಿಗೂ ನಿಮ್ಮ ಪ್ರಶ್ನೆಗೂ ಏನು ಸಂಬಂಧ ಎಂದು ಕೇಳಿದರು.

ಈ ಸಲ ರಿವ್ಯೂವರ್ ಹೇಳಿದ್ದು ಎಲ್ಲಿ ಸರಿಯೋ ಅದನ್ನು ಮೊದಲು ಮುಗಿಸಿದೆ. ನೀರಿನ ಧನ ಮತ್ತು ಋಣ ಅಯಾನುಗಳ ಮೊತ್ತ ಹೊಂದುತ್ತದೆಯೇ ಎಂದು ನೋಡುವ ಅಯಾನಿಕ್ ಬ್ಯಾಲೆನ್ಸ್ ತೋರಿಸಿ ಎಂದಿದ್ದರು. ಲೆಕ್ಕ ಹಾಕಿದರೆ 46ರಲ್ಲಿ ಐದು ಸ್ಯಾಂಪಲ್‌ಗಳಲ್ಲಿ ವ್ಯತ್ಯಾಸ 10% ದಾಟಿತ್ತು. ಮೂರರಲ್ಲಿ ಬೈಕಾರ್ಬನೇಟ್ ಅಂಕಿ ತಪ್ಪಾಗಿ ಟೈಪ್ ಆಗಿತ್ತು. ಉಳಿದ ಎರಡಕ್ಕೆ ಕಾರಣ ಸಿಗಲಿಲ್ಲ, ತೆಗೆದುಹಾಕಿದೆ. ಇದಷ್ಟನ್ನೂ ಮುಚ್ಚಿಡದೆ, ಲೈನ್ ನಂಬರ್ ಸಹಿತ ಬರೆದೆ.

ನಂತರ ಮ್ಯಾಪ್. ಕ್ರಿಗಿಂಗ್ ಮಾಡಿ, ಅಂದರೆ ಅಳೆದ ಬಾವಿಗಳ ಅಂಕಿಯಿಂದ ನಡುವಿನ ಜಾಗದ ಅಂಕಿ ಊಹಿಸಿ, ಇಡೀ ತಾಲ್ಲೂಕಿಗೆ ಬಣ್ಣ ತುಂಬಿ ಎಂದಿದ್ದರು. ನಮ್ಮದು ಗಟ್ಟಿ ಕಲ್ಲಿನ ನೆಲ, ನೀರು ಬಿರುಕಿನಲ್ಲಿ ಓಡುತ್ತದೆ. ಮುನ್ನೂರು ಮೀಟರ್ ಅಂತರದ ಎರಡು ಬೋರ್‌ಗಳಲ್ಲಿ ಫ್ಲೋರೈಡ್ ಒಂದರಲ್ಲಿ ಲೀಟರಿಗೆ 0.8, ಇನ್ನೊಂದರಲ್ಲಿ 2.6 ಮಿ.ಗ್ರಾಂ. ನಡುವೆ ಬಣ್ಣ ತುಂಬಿದರೆ 0.8ರ ಕಡೆಗಿರುವ ಜನ 1.5ರ ಮಿತಿಯೊಳಗಿದ್ದೇವೆ ಎಂದು ನಂಬಿ ಆ ನೀರು ಕುಡಿಯುತ್ತಾರೆ, ಅಲ್ವಾ?

ಇದನ್ನು ಬರೀ ಮಾತಿನಲ್ಲಿ ಹೇಳಲಿಲ್ಲ. ಕ್ರಿಗಿಂಗ್ ಮಾಡಿಯೇ ನೋಡಿದೆ. ಒಂದೊಂದೇ ಬಾವಿ ಬಿಟ್ಟು ಉಳಿದವುಗಳಿಂದ ಅದರ ಅಂಕಿ ಊಹಿಸಿದಾಗ ತಪ್ಪು ಸುಮಾರು 0.9 ಬಂತು. ಎಲ್ಲ ಬಾವಿಗೂ ಸರಾಸರಿಯನ್ನೇ ಬರೆದಿದ್ದರೂ ಅಷ್ಟೇ ತಪ್ಪು. ಆಳದ ಮೇಲೆ ಎರಡು ಗುಂಪು ಮಾಡಿಯೂ ನೋಡಿದೆ. ಗುಂಪಿಗೆ ಇಪ್ಪತ್ತರ ಹತ್ತಿರ ಬಾವಿ, ದೂರ ಹೆಚ್ಚಿದಂತೆ ಅಂಕಿಗಳ ವ್ಯತ್ಯಾಸ ಹೇಗೆ ಬದಲಾಗುತ್ತದೆ ಎಂದು ತೋರಿಸುವ ವೇರಿಯೋಗ್ರಾಮ್ ಸ್ಥಿರವಾಗಿ ನಿಲ್ಲಲೇ ಇಲ್ಲ.

ಉತ್ತರದ ಸಾರ ಇಷ್ಟೇ: "ನಿಮ್ಮ ಸಲಹೆಯಂತೆ ಮಾಡಿ ನೋಡಿದೆವು. ಫಲಿತಾಂಶ ಸಪ್ಲಿಮೆಂಟರಿಯಲ್ಲಿದೆ. ಈ ದೋಷದೊಂದಿಗೆ ಮ್ಯಾಪ್ ಕೊಡುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಬದಲಿಗೆ ಬಾವಿಗಳನ್ನು ಚುಕ್ಕಿಗಳಾಗಿ, ಆಳದ ಸಹಿತ ತೋರಿಸಿದ್ದೇವೆ." 'ಅರ್ಥವಾಗಿಲ್ಲ' ಎಂಬ ಪದ ಎಲ್ಲೂ ಬಳಸಲಿಲ್ಲ. ಎಡಿಟರ್‌ಗೆ ಬರೆದ ಮೊದಲ ಸಾಲು ಮಾತ್ರ ಇಲ್ಲಿ ಹೇಳಲ್ಲ, ಅದು ನನ್ನ ವಿದ್ಯಾರ್ಥಿಗಳಿಗೆ.

ಐದಾರು ವಾರಕ್ಕೆ ಉತ್ತರ ಬಂತು. ಮ್ಯಾಪ್ ಬಗ್ಗೆ ಎರಡನೇ ರಿವ್ಯೂವರ್ ಒಂದೇ ಸಾಲು ಬರೆದಿದ್ದರು: ಚುಕ್ಕಿ ಸಾಕು, ಗಾತ್ರ ಸ್ವಲ್ಪ ದೊಡ್ಡದು ಮಾಡಿ.