400 ಜನ, ಒಂದೇ ಲೆಕ್ಕ: ಲೀಡ್ ಕಡತದಲ್ಲಿ ನೀರು ಮತ್ತು ವಿದ್ಯುತ್

ಪುಣೆಯ ಬಾಣೇರ್‌ನ ಒಂದು ಆಫೀಸ್ ಕಟ್ಟಡಕ್ಕೆ ಹಸಿರು ಕಟ್ಟಡದ ಲೀಡ್ ವಿ4 ಪ್ರಮಾಣಪತ್ರದ ಕಡತ ಸಿದ್ಧಪಡಿಸುವಾಗ ನಾನು ಮೊದಲು ಗಟ್ಟಿ ಮಾಡಿಕೊಂಡದ್ದು ಕಟ್ಟಡದಲ್ಲಿ ದಿನವಿಡೀ ಕೆಲಸ ಮಾಡುವವರ ಸಂಖ್ಯೆ. 400 ಜನ, ಅರ್ಧ ಗಂಡಸರು, ಅರ್ಧ ಹೆಂಗಸರು. ನೀರಿನ ಲೆಕ್ಕವೂ ಕಂಪ್ಯೂಟರಿನಲ್ಲಿ ಮಾಡುವ ವಿದ್ಯುತ್ ಬಳಕೆಯ ಮಾಡೆಲ್ಲೂ ಇದರ ಮೇಲೇ ನಿಲ್ಲುತ್ತವೆ. ಎರಡೂ ಕಡೆ ಬೇರೆ ಬೇರೆ ಅಂಕಿ ಕಂಡರೆ ರಿವ್ಯೂವರ್ ಮೊದಲು ಕೇಳುವುದೇ ಅದನ್ನು.

ಮೊದಲು ನೀರಿನ ಮೂಲಮಟ್ಟ, ಅಂದರೆ ಉಳಿತಾಯವನ್ನು ಯಾವುದಕ್ಕೆ ಹೋಲಿಸುತ್ತೇವೋ ಆ ಅಂಕಿ. ಕಮೋಡ್‌ಗೆ ಪ್ರತಿ ಫ್ಲಶ್‌ಗೆ 6 ಲೀಟರ್, ಯೂರಿನಲ್‌ಗೆ 3.8 ಲೀಟರ್, ಸಾರ್ವಜನಿಕ ವಾಶ್‌ಬೇಸಿನ್ ನಲ್ಲಿಗೆ ನಿಮಿಷಕ್ಕೆ 1.9 ಲೀಟರ್. ದಿನಕ್ಕೆ ಗಂಡಸರು ಕಮೋಡ್ 1 ಸಲ, ಯೂರಿನಲ್ 2 ಸಲ ಬಳಸುತ್ತಾರೆ, ಹೆಂಗಸರು ಕಮೋಡ್ 3 ಸಲ. ನಲ್ಲಿ ಎಲ್ಲರಿಗೂ 3 ಸಲ, ಪ್ರತಿ ಸಲ ಅರ್ಧ ನಿಮಿಷ. ಕಮೋಡ್‌ಗೆ 4,800, ಯೂರಿನಲ್‌ಗೆ 1,520, ನಲ್ಲಿಗೆ 1,140. ಒಟ್ಟು ದಿನಕ್ಕೆ 7,460 ಲೀಟರ್.

ನಮ್ಮ ಕಟ್ಟಡದಲ್ಲಿದ್ದದ್ದು 4/2 ಲೀಟರ್ ಡ್ಯುಯಲ್ ಫ್ಲಶ್, 1 ಲೀಟರ್ ಯೂರಿನಲ್, ಮತ್ತು ಕ್ಯಾಟಲಾಗ್ ಪ್ರಕಾರ ನಿಮಿಷಕ್ಕೆ 1.3 ಲೀಟರ್ ಬಿಡುವ ನಲ್ಲಿ. ಇಲ್ಲಿ ಮೊದಲ ಎಡವಟ್ಟು ಆಗುತ್ತದೆ. ಡ್ಯುಯಲ್ ಫ್ಲಶ್ ಎಂದೊಡನೆ ಒಂದು ಪೂರ್ತಿ, ಎರಡು ಅರ್ಧ ಎಂದು 2.67 ಲೀಟರ್ ಸರಾಸರಿ ತೆಗೆದು ಎಲ್ಲರಿಗೂ ಹಾಕಿಬಿಡುತ್ತಾರೆ. ಹೆಂಗಸರಿಗೆ ಅದು ಸರಿ. ಯೂರಿನಲ್ ಇರುವಾಗ ಗಂಡಸರು ಕಮೋಡ್‌ಗೆ ಹೋಗುವ ಆ ಒಂದು ಸಲ ಪೂರ್ತಿ ಫ್ಲಶ್ಶೇ, ಅಂದರೆ 4 ಲೀಟರ್. ತಪ್ಪು ಸರಾಸರಿಯಿಂದ 55.6% ಉಳಿತಾಯ ಕಾಣುತ್ತದೆ. ಸರಿಯಾಗಿ ಹಾಕಿದರೆ 52%.

ಎರಡನೆಯದು ಒತ್ತಡ. ನಲ್ಲಿಯ ಮೂಲಮಟ್ಟದ 1.9 ಲೀಟರ್ ಅನ್ನುವುದು 415 ಕಿಲೋಪಾಸ್ಕಲ್ ಒತ್ತಡದಲ್ಲಿ. ನಮ್ಮ ಕ್ಯಾಟಲಾಗ್‌ನ 1.3 ಲೀಟರ್ ಇದ್ದದ್ದು 3 ಬಾರ್‌ನಲ್ಲಿ, ಅಂದರೆ 300 ಕಿಲೋಪಾಸ್ಕಲ್. ನಲ್ಲಿಯ ತುದಿಯಲ್ಲಿ ಒತ್ತಡ ಸರಿದೂಗಿಸುವ ಏರೇಟರ್ ಇಲ್ಲದಿದ್ದರೆ ಹರಿವು ಒತ್ತಡದ ವರ್ಗಮೂಲದಂತೆ ಏರುತ್ತದೆ. 415 ಭಾಗಿಸು 300ರ ವರ್ಗಮೂಲ 1.18, ಹಾಗಾಗಿ ನಲ್ಲಿ 1.53 ಲೀಟರ್ ಆಯಿತು. ಹೊಸ ಒಟ್ಟು ಹೀಗೆ: ಕಮೋಡ್ 2,400, ಯೂರಿನಲ್ 400, ನಲ್ಲಿ 918, ಒಟ್ಟು 3,718 ಲೀಟರ್. ಉಳಿತಾಯ 50.2%. 6 ಅಂಕಕ್ಕೆ 50% ಬೇಕು, ಕೂದಲೆಳೆಯಷ್ಟೇ ಅಂತರ. ಸೈಟಿನಲ್ಲಿ ಜಗ್ಗು, ಸ್ಟಾಪ್‌ವಾಚ್ ಹಿಡಿದು ಅಳೆದ ಅಂಕಿ ಇದಕ್ಕೆ ಬದಲಿಯಲ್ಲ: ತಾರಸಿ ಟ್ಯಾಂಕಿಯಿಂದ 3 ಮೀಟರ್ ಇಳಿದಂತೆಲ್ಲ ಸುಮಾರು 0.3 ಬಾರ್ ಕೂಡುವುದರಿಂದ ಪ್ರತಿ ಮಹಡಿಯದೂ ಬೇರೆ.

ಕೊನೆಯ ವಾರ ಪ್ಲಂಬಿಂಗ್ ಮಾಡಿಸುತ್ತಿದ್ದ ಕಲಬುರಗಿಯ ಮೇಸ್ತ್ರಿ, "ಸರ, ಎರಡನೇ ಲಾಟಿನ್ಯಾಗ ಬ್ಯಾರೆ ಏರೇಟರ್ ಬಂದಾವ ನೋಡ್ರಿ" ಎಂದರು. ತೆಗೆದು ನೋಡಿದರೆ 1.9 ಲೀಟರಿನವು. ಹಾಗೇ ಬಿಟ್ಟು ಎಲ್ಲ ಕಡೆ ಅವನ್ನೇ ಹಾಕಿದ್ದರೆ ಉಳಿತಾಯ 47.2%ಕ್ಕೆ ಬಿದ್ದು ಒಂದು ಅಂಕ ಹೋಗುತ್ತಿತ್ತು. ಅದಕ್ಕೇ ಖರೀದಿ ಬಿಲ್ಲಿನ ಮಾಡೆಲ್ ಸಂಖ್ಯೆ, ಡೇಟಾಶೀಟಿನದು, ಫಿಕ್ಸ್ಚರ್ ಶೆಡ್ಯೂಲಿನದು ಮೂರನ್ನೂ ಒಂದೇ ಪಟ್ಟಿಯಲ್ಲಿಟ್ಟು ತಾಳೆ ನೋಡುತ್ತೇನೆ.

ಕೊಳಚೆ ನೀರು ಶುದ್ಧೀಕರಿಸುವ ಎಸ್‌ಟಿಪಿ ಘಟಕದ ನೀರನ್ನು ಫ್ಲಶ್‌ಗೆ ಬಳಸಿದ್ದೇವೆಂದು ಹೆಚ್ಚಿನ ಉಳಿತಾಯ ತೋರಿಸಬಹುದು. ಆದರೆ ಕಡ್ಡಾಯವಾದ 20% ಉಳಿತಾಯ ಮಾತ್ರ ಫಿಕ್ಸ್ಚರ್‌ಗಳಿಂದಲೇ ಬರಬೇಕು. ಅಲ್ಲದೆ ಫ್ಲಶ್‌ಗೆ 2,800, ಬೇಸಿಗೆಯಲ್ಲಿ ತೋಟಕ್ಕೆ 1,500 ಲೀಟರ್ ಎಂದು ಬರೆದರೆ 4,300 ಆಯಿತು. ನಮ್ಮದೇ ಹಾಳೆಯ ಪ್ರಕಾರ ಈ ಫಿಕ್ಸ್ಚರ್‌ಗಳಿಂದ ಎಸ್‌ಟಿಪಿಗೆ ಹೋಗುವುದೇ 3,718. ಕೊರತೆಯನ್ನು ಪ್ಯಾಂಟ್ರಿ ನೀರಿನ ಲೆಕ್ಕ ಕೊಟ್ಟು ತುಂಬಿಸಬೇಕು, ಇಲ್ಲವೇ ತೋಟದ ಅಂಕಿ ಇಳಿಸಬೇಕು.

ಇನ್ನು ವಿದ್ಯುತ್. ಎಸಿ ವಿನ್ಯಾಸಕಾರರು ಮೀಟಿಂಗ್ ರೂಮಿನ ಕುರ್ಚಿಗಳನ್ನೂ ಎಣಿಸಿ 520 ಜನ ಎಂದು ಹಿಡಿದಿದ್ದರು. ಹೊರಗಾಳಿಯ ಗರಿಷ್ಠ ಲೆಕ್ಕಕ್ಕೆ ಅದು ಇರಲಿ, ಏಕೆಂದು ಎರಡು ಸಾಲು ಬರೆದು ಕೊಟ್ಟರಾಯಿತು. ಆದರೆ ಕಟ್ಟಡಗಳ ಶಕ್ತಿ ಬಳಕೆಯ ಮಾನದಂಡವಾದ ಆಶ್ರೇ 90.1-2010ರ ಅನುಬಂಧ ಜಿ ಪ್ರಕಾರ ಮಾಡೆಲ್ಲಿನಲ್ಲಿ ಹೋಲಿಕೆಗಿಟ್ಟ ಮೂಲ ಕಟ್ಟಡಕ್ಕೂ ನಮ್ಮ ಕಟ್ಟಡಕ್ಕೂ ಜನಸಂಖ್ಯೆ, ವೇಳಾಪಟ್ಟಿ ಎರಡೂ ಒಂದೇ ಇರಬೇಕು. ಆಫೀಸಿನಲ್ಲಿ ಒಬ್ಬರ ಮೈಶಾಖ ಸುಮಾರು 130 ವಾಟ್. ಮೂಲಕ್ಕೆ 520, ನಮ್ಮದಕ್ಕೆ 400 ಎಂದಾದರೆ 15.6 ಕಿಲೋವಾಟ್ ಶಾಖ ಪುಕ್ಕಟೆ ಮಾಯವಾಗಿ, ಆ ಉಳಿತಾಯವೆಲ್ಲ ಸುಳ್ಳು.

ಜೊತೆಗೆ ನಾನು ಲಗತ್ತಿಸುವುದು ಇಷ್ಟು: ಮೂಲ ಕಟ್ಟಡವನ್ನು 0, 90, 180, 270 ಡಿಗ್ರಿ ತಿರುಗಿಸಿದ ನಾಲ್ಕು ರನ್‌ಗಳ ಮತ್ತು ನಮ್ಮ ಕಟ್ಟಡದ ಶಕ್ತಿ ಬಳಕೆ ತೋರಿಸುವ `BEPS` ವರದಿ, ಹಾಗೂ ನಿಗದಿತ ಉಷ್ಣತೆ ಸಿಗದ ಗಂಟೆಗಳು ಪ್ರತಿ ಮಾಡೆಲ್ಲಿನಲ್ಲೂ 300 ಮೀರಿಲ್ಲವೆಂಬ ಪುಟ. ನಾಲ್ಕು ರನ್‌ಗಳ ಸರಾಸರಿಯನ್ನು ಕೈಯಲ್ಲಿ ಮತ್ತೊಮ್ಮೆ ತೆಗೆದು ಕ್ಯಾಲ್ಕುಲೇಟರ್ ಹಾಳೆಯ ಮೊತ್ತದೊಂದಿಗೆ ಹೋಲಿಸುತ್ತೇನೆ. ಕೊನೆಗೆ ಮಾಡೆಲ್ ಬದಲಾಗಿ ಹಳೆಯ ವರದಿಯೇ ಲಗತ್ತಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ.